ಡಿಫರೆನ್ಷಿಯೇಶನ್‌ಗೆ ಐಗೆನ್ ಮೌಲ್ಯ ಎಷ್ಟು: ಒಂದಾ, ನಾಲ್ಕಾ, ಲೆಕ್ಕವಿಲ್ಲದಷ್ಟಾ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಮೂರು ಡಿಗ್ರಿವರೆಗಿನ ಬಹುಪದೋಕ್ತಿಗಳ ಮೇಲೆ D = d/dx ಇದರ ಐಗೆನ್ ಮೌಲ್ಯ, ಐಗೆನ್ ಫಂಕ್ಷನ್ ಕಂಡುಹಿಡಿಯಿರಿ ಅಂತ ಲೆಕ್ಕ ಕೊಟ್ಟಿದ್ದಾರೆ. ಮ್ಯಾಟ್ರಿಕ್ಸ್ ಬರೆದೆ, ನಾಲ್ಕು ಸಲವೂ ಸೊನ್ನೆಯೇ ಬಂತು, ಐಗೆನ್ ಫಂಕ್ಷನ್ x³ ಬಂತು. ಗೆಳತಿಗೂ ಸೊನ್ನೆಯೇ, ಆದರೆ ಅವಳ ಐಗೆನ್ ಫಂಕ್ಷನ್ 1. ಡಿಫರೆನ್ಷಿಯಲ್ ಈಕ್ವೇಶನ್ ಕ್ಲಾಸಿನಲ್ಲಿ ಎಲ್ಲ λಗೂ e^(λx) ಐಗೆನ್ ಫಂಕ್ಷನ್ ಅಂದಿದ್ದರು. ಗೆಳತಿಯ ಮ್ಯಾಟ್ರಿಕ್ಸನ್ನು `np.linalg.eig`ಗೆ ಕೊಟ್ಟರೆ ಅದು ನಾಲ್ಕು ವೆಕ್ಟರ್ ಕೊಟ್ಟಿತು. ಕೊನೆಗೆ 0, 1, 2, 3 ಈ ನಾಲ್ಕು ಬಿಂದುಗಳಲ್ಲಿನ ಬೆಲೆಗಳನ್ನೇ ಹಿಡಿದು ಮ್ಯಾಟ್ರಿಕ್ಸ್ ಮಾಡಿದೆ. ಆಗ 0.0001ರ ಆಸುಪಾಸಿನ ಸಂಖ್ಯೆಗಳು ಬಂದವು, ಎರಡರಲ್ಲಿ i ಕೂಡ ಇದೆ! ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಗೆಳತಿಯ ಉತ್ತರ ಸರಿ. ಐಗೆನ್ ಮೌಲ್ಯ ಸೊನ್ನೆ ಒಂದೇ. ಐಗೆನ್ ಫಂಕ್ಷನ್ ಅಂದರೆ ಸ್ಥಿರಾಂಕಗಳು ಮಾತ್ರ: 1, ಅಥವಾ 7, ಅಥವಾ ಸೊನ್ನೆಯಲ್ಲದ ಬೇರೆ ಯಾವುದೇ ಸ್ಥಿರ ಸಂಖ್ಯೆ. ಕ್ಲಾಸಿನಲ್ಲಿ e^(λx) ಬಗ್ಗೆ ಹೇಳಿದ್ದೂ ನಿಜವೇ, ಆದರೆ ಅದು ನಿಮ್ಮ ಲೆಕ್ಕದ ಸ್ಪೇಸ್‌ನೊಳಗೆ ಬರುವುದಿಲ್ಲ. ಹಾಗಿದ್ದರೂ ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಆ 0.0001ಗಳಿಗೂ ಈ e^(λx)ಗೂ ಹತ್ತಿರದ ಸಂಬಂಧ ಇದೆ. ಅದನ್ನು ನಿಮಗೆ ತೋರಿಸಲೇಬೇಕು. ಮೊದಲು x³ ಎಲ್ಲಿಂದ ಬಂತು ನೋಡೋಣ.

ಇಂಥ ಉತ್ತರ ಪತ್ರಿಕೆಗಳನ್ನು ತುಂಬಾ ವರ್ಷದಿಂದ ತಿದ್ದುತ್ತಿದ್ದೇನೆ. ಈ ಲೆಕ್ಕದಲ್ಲಿ x³ ಬರೆದವರ ಮ್ಯಾಟ್ರಿಕ್ಸ್ ಹೆಚ್ಚುಕಮ್ಮಿ ಯಾವಾಗಲೂ ಹೀಗಿರುತ್ತದೆ:

```
0 0 0 0
1 0 0 0
0 2 0 0
0 0 3 0
```

ಇದು ಬರುವ ದಾರಿ ಸಹಜವಾದದ್ದೇ. 1ರ ಡೆರಿವೇಟಿವ್ 0, ಆದ್ದರಿಂದ ಮೊದಲ ಸಾಲು 0 0 0 0. xನ ಡೆರಿವೇಟಿವ್ 1, ಅಂದರೆ 1 0 0 0. x²ನದು 2x, ಅಂದರೆ 0 2 0 0. x³ನದು 3x², ಅಂದರೆ 0 0 3 0. ನಾವು ಬರೆಯುವುದು ಎಡದಿಂದ ಬಲಕ್ಕೆ, ಹಾಗಾಗಿ ಕೈ ತಾನಾಗಿ ಒಂದರ ಕೆಳಗೊಂದು ಅಡ್ಡಸಾಲು ಹಾಕುತ್ತಾ ಹೋಗುತ್ತದೆ. ಆದರೆ ಮ್ಯಾಟ್ರಿಕ್ಸನ್ನು ಎಡಗಡೆ ಇಟ್ಟು ಬಲಗಡೆಯ ವೆಕ್ಟರನ್ನು ಗುಣಿಸುವ ಪದ್ಧತಿಯಲ್ಲಿ ಈ ನಾಲ್ಕು ಉತ್ತರಗಳನ್ನೂ ಕಂಬಸಾಲುಗಳಾಗಿ ನಿಲ್ಲಿಸಬೇಕು:

```
0 1 0 0
0 0 2 0
0 0 0 3
0 0 0 0
```

ಎರಡರಲ್ಲಿ ಯಾವುದು ಸರಿ ಅಂತ ನನ್ನ ಮಾತಿನ ಮೇಲೆ ನಂಬಬೇಡಿ. ಒಂದು ಬಹುಪದೋಕ್ತಿ ತೆಗೆದುಕೊಂಡು ನೋಡಿ: 5 − 2x + 4x² + x³. ಕೈಯಲ್ಲಿ ಡಿಫರೆನ್ಷಿಯೇಟ್ ಮಾಡಿದರೆ −2 + 8x + 3x². ಈಗ ಸಹಗುಣಕಗಳನ್ನು (5, −2, 4, 1) ಅಂತ ನಿಲ್ಲಿಸಿ ಎರಡನೇ ಮ್ಯಾಟ್ರಿಕ್ಸಿನಿಂದ ಗುಣಿಸಿ. (−2, 8, 3, 0) ಬರುತ್ತದೆ. ಸರಿಯಾಗಿ ಕೂತಿತು. ಮೊದಲನೆಯದರಿಂದ ಗುಣಿಸಿದರೆ (0, 5, −4, 12), ಅಂದರೆ 5x − 4x² + 12x³. ಮೂರು ಡಿಗ್ರಿಯ ಬಹುಪದೋಕ್ತಿಯನ್ನು ಡಿಫರೆನ್ಷಿಯೇಟ್ ಮಾಡಿ ಮತ್ತೆ ಮೂರು ಡಿಗ್ರಿ ಬರೋದುಂಟಾ?

ಈ ತಪ್ಪು ಕಣ್ಣಿಗೆ ಬೀಳದೇ ಇರುವುದಕ್ಕೆ ಕಾರಣ ಇದೆ. ಮ್ಯಾಟ್ರಿಕ್ಸನ್ನು ಅಡ್ಡ-ಉದ್ದ ತಿರುಗಿಸಿದರೆ ಐಗೆನ್ ಮೌಲ್ಯಗಳು ಬದಲಾಗುವುದಿಲ್ಲ. ಹಾಗಾಗಿ ನಿಮಗೂ ಗೆಳತಿಗೂ ಸೊನ್ನೆಯೇ ಬಂತು, ಇಬ್ಬರಿಗೂ ಲೆಕ್ಕ ಸರಿ ಹೋಗುತ್ತಿದೆ ಅನ್ನಿಸಿತು. ಬದಲಾಗುವುದು ಐಗೆನ್ ವೆಕ್ಟರ್. ತಿರುಗಿದ ಮ್ಯಾಟ್ರಿಕ್ಸಿನಲ್ಲಿ ಅದು (0, 0, 0, 1), ಅಂದರೆ x³. ಆದರೆ x³ನ ಡೆರಿವೇಟಿವ್ 3x², ಅದು 0 ಸಲ x³ ಅಲ್ವಲ್ಲ. ಐಗೆನ್ ಫಂಕ್ಷನ್ ಸಿಕ್ಕಿತು ಅಂದುಕೊಂಡ ಕೂಡಲೇ ಮ್ಯಾಟ್ರಿಕ್ಸ್ ಬದಿಗಿಟ್ಟು, ಅದನ್ನೊಮ್ಮೆ ನೇರವಾಗಿ ಡಿಫರೆನ್ಷಿಯೇಟ್ ಮಾಡಿ. ಅರ್ಧ ನಿಮಿಷದ ಕೆಲಸ.

ಈಗ ಸರಿಯಾದ ಮ್ಯಾಟ್ರಿಕ್ಸಿನಲ್ಲಿ λ ಹುಡುಕೋಣ. p = a + bx + cx² + dx³ ಇರಲಿ. Dp = λp ಆಗಬೇಕಾದರೆ ನಾಲ್ಕು ಸಮೀಕರಣಗಳು ಬರುತ್ತವೆ:

```
b  = λa
2c = λb
3d = λc
0  = λd
```

ಇದನ್ನು ಕೆಳಗಿನಿಂದ ಮೇಲಕ್ಕೆ ಓದಿ. λ ಸೊನ್ನೆ ಅಲ್ಲ ಅಂದುಕೊಳ್ಳಿ. ಆಗ ಕೊನೆಯ ಸಾಲು d = 0 ಅನ್ನುತ್ತದೆ. d ಹೋದರೆ ಮೂರನೇ ಸಾಲಿನಿಂದ c ಹೋಯಿತು. ಅದರಿಂದ b, ಅದರಿಂದ a. ಇಡೀ ಬಹುಪದೋಕ್ತಿಯೇ ಉಳಿಯಲಿಲ್ಲ. ಇನ್ನು λ = 0 ಆದರೆ b, c, d ಮೂರೂ ಸೊನ್ನೆ, aಗೆ ಮಾತ್ರ ಸ್ವಾತಂತ್ರ್ಯ. ಉಳಿದದ್ದು ಸ್ಥಿರಾಂಕ ಒಂದೇ.

ಮ್ಯಾಟ್ರಿಕ್ಸ್ ಇಲ್ಲದೆಯೂ ಇದನ್ನೇ ಹೇಳಬಹುದು. ಡಿಫರೆನ್ಷಿಯೇಟ್ ಮಾಡಿದರೆ ಡಿಗ್ರಿ ಒಂದು ಇಳಿಯುತ್ತದೆ. λ ಸೊನ್ನೆಯಲ್ಲದಿದ್ದರೆ λp ಗೆ pಯಷ್ಟೇ ಡಿಗ್ರಿ. ಇಳಿದದ್ದೂ ಇಳಿಯದ್ದೂ ಒಂದೇ ಆಗಲು ಸಾಧ್ಯವಿಲ್ಲ. ಎರಡನ್ನೂ ಪತ್ರಿಕೆಯಲ್ಲಿ ಬರೆದರೆ ನನಗಂತೂ ತಿದ್ದುವಾಗ ಖುಷಿಯಾಗುತ್ತದೆ.

ಹಾಗಾದರೆ "ನಾಲ್ಕು ಸಲ ಸೊನ್ನೆ" ಅಂದರೆ ಏನು? ಕ್ಯಾರೆಕ್ಟರಿಸ್ಟಿಕ್ ಸಮೀಕರಣ λ⁴ = 0. ಸೊನ್ನೆ ಅದರಲ್ಲಿ ನಾಲ್ಕು ಸಲ ಮೂಲವಾಗಿ ಬರುತ್ತದೆ. ಆದರೆ ಮೂಲ ನಾಲ್ಕು ಸಲ ಬಂದರೆ ಐಗೆನ್ ವೆಕ್ಟರ್ ನಾಲ್ಕು ದಿಕ್ಕಿನಲ್ಲಿ ಸಿಗಲೇಬೇಕು ಅಂತ ನಿಯಮವಿಲ್ಲ. ಇಲ್ಲಿ ಒಂದೇ ದಿಕ್ಕು ಸಿಗುತ್ತದೆ. ಉಳಿದ ಮೂರು ಎಲ್ಲಿ ಹೋದವು ಅಂತ ಕೇಳಿದರೆ, ಅವು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ: x³/6 ಅನ್ನು ಡಿಫರೆನ್ಷಿಯೇಟ್ ಮಾಡಿದರೆ x²/2, ಅದನ್ನು ಮಾಡಿದರೆ x, ಅದನ್ನು ಮಾಡಿದರೆ 1, ಆಮೇಲೆ ಸೊನ್ನೆ. ಮೆಟ್ಟಿಲಿಳಿದ ಹಾಗೆ. 1, x, x²/2, x³/6 ಇವನ್ನೇ ಬೇಸಿಸ್ ಮಾಡಿಕೊಂಡರೆ ಮ್ಯಾಟ್ರಿಕ್ಸಿನ 1, 2, 3 ಇರುವ ಜಾಗದಲ್ಲಿ ಮೂರೂ 1 ಆಗುತ್ತವೆ. ಅದೇ ನಿಮ್ಮ ಪಠ್ಯದಲ್ಲಿ ಮುಂದೆ ಬರುವ ಜೋರ್ಡನ್ ರೂಪ. ಡಯಾಗನಲ್ ರೂಪಕ್ಕೆ ಈ ಮ್ಯಾಟ್ರಿಕ್ಸನ್ನು ಎಷ್ಟು ಎಳೆದಾಡಿದರೂ ತರಲಾಗುವುದಿಲ್ಲ.

ಈಗ e^(λx). ಅದನ್ನು ಡಿಫರೆನ್ಷಿಯೇಟ್ ಮಾಡಿದರೆ λe^(λx), ಅನುಮಾನವೇ ಇಲ್ಲ. ಆದರೆ λ ಸೊನ್ನೆಯಲ್ಲದಿದ್ದರೆ ಅದು ಬಹುಪದೋಕ್ತಿ ಅಲ್ಲ. ಐಗೆನ್ ಮೌಲ್ಯ ಅನ್ನುವುದು ಆಪರೇಟರ್ ಒಂದರದ್ದೇ ಗುಣವಲ್ಲ, ಅದು ಯಾವ ಸ್ಪೇಸ್ ಮೇಲೆ ಕೆಲಸ ಮಾಡುತ್ತಿದೆ ಅನ್ನುವುದೂ ಅದರಲ್ಲಿ ಸೇರಿದೆ. ಎಷ್ಟು ಸಲ ಬೇಕಾದರೂ ಡಿಫರೆನ್ಷಿಯೇಟ್ ಮಾಡಬಹುದಾದ ಎಲ್ಲ ಫಂಕ್ಷನ್‌ಗಳ ಸ್ಪೇಸ್ ತೆಗೆದುಕೊಂಡರೆ ಯಾವ λ ಬೇಕಾದರೂ ನಡೆಯುತ್ತದೆ. ಮೂರು ಡಿಗ್ರಿಯೊಳಗೆ ಇರಿ ಅಂದರೆ 0 ಮಾತ್ರ. λ = 0 ಹಾಕಿದರೆ e^(0x) = 1, ಅದೇ ಗೆಳತಿಗೆ ಸಿಕ್ಕಿದ ಫಂಕ್ಷನ್. ನಿಮ್ಮ ಇಬ್ಬರು ಮೇಷ್ಟ್ರುಗಳ ಮಾತಿಗೆ ಜಗಳವೇ ಇಲ್ಲ.

ಸ್ವಲ್ಪ ಹಠ ಮಾಡಿ e^(λx)ನ್ನು ನಮ್ಮ ಸ್ಪೇಸ್‌ಗೆ ಹಿಡಿಸೋಣ. ಅದರ ಸರಣಿಯನ್ನು x³ವರೆಗೆ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಕತ್ತರಿಸಿಬಿಡಿ:

p = 1 + λx + λ²x²/2 + λ³x³/6

ಡಿಫರೆನ್ಷಿಯೇಟ್ ಮಾಡಿದರೆ Dp = λ + λ²x + λ³x²/2. ಆ ಕಡೆ λp = λ + λ²x + λ³x²/2 + λ⁴x³/6. ಮೂರು ಪದಗಳು ಸರಿಹೊಂದಿದವು, ಕೊನೆಯ ಒಂದು ಪದ λ⁴x³/6 ಮಾತ್ರ ಹೆಚ್ಚಿಗೆ ಉಳಿಯಿತು. λ = 1 ಆದರೆ ಆ ವ್ಯತ್ಯಾಸ x³/6, ಕಡಿಮೆಯೇನಲ್ಲ. λ = 0.1 ಆದರೆ 0 ಇಂದ 1ರವರೆಗಿನ xಗೆ ವ್ಯತ್ಯಾಸ ಹೆಚ್ಚೆಂದರೆ 0.000017. λ = 0.00016 ಆದರೆ ಅದು 10⁻¹⁶ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕತ್ತರಿಸಿದ e^(λx) ನಿಜವಾದ ಐಗೆನ್ ಫಂಕ್ಷನ್ ಅಲ್ಲ, ಆದರೆ λ ಚಿಕ್ಕದಿದ್ದಾಗ ಅದಕ್ಕೆ ತೀರಾ ಹತ್ತಿರ. ಈ 10⁻¹⁶ನ್ನು ನೆನಪಿಟ್ಟುಕೊಳ್ಳಿ.

ಈಗ ಕಂಪ್ಯೂಟರಿಗೆ ಬರೋಣ. ಮೊದಲು ಆ ನಾಲ್ಕು ವೆಕ್ಟರ್‌ಗಳ ವಿಷಯ. `np.linalg.eig` ಗೆ 4×4 ಮ್ಯಾಟ್ರಿಕ್ಸ್ ಕೊಟ್ಟರೆ ಅದು ಯಾವಾಗಲೂ ನಾಲ್ಕು ಕಂಬಸಾಲು ವಾಪಸ್ ಕೊಡುತ್ತದೆ. ಅಷ್ಟು ದಿಕ್ಕುಗಳು ನಿಜವಾಗಿ ಇವೆಯಾ ಅಂತ ಅದು ಹೇಳುವುದಿಲ್ಲ. ನಿಮ್ಮ ಪರದೆಯ ಮೇಲಿನ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಮೊದಲ ಕಂಬಸಾಲು 1, 0, 0, 0. ಎರಡನೆಯದರ ತಲೆಯಲ್ಲಿ −1, ಅದರ ಕೆಳಗೆ e-292 ಅಂತ ಮುಗಿಯುವ ಒಂದು ಸಂಖ್ಯೆ ಇರಬೇಕು. ದಶಮಾಂಶದ ಚುಕ್ಕಿ ಆದಮೇಲೆ 291 ಸೊನ್ನೆಗಳು ಬಂದ ನಂತರ ಶುರುವಾಗುವ ಸಂಖ್ಯೆ ಅದು. ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬಂದಾಗ ಒಳಗಿನ ಲೈಬ್ರರಿ ಸೊನ್ನೆಯ ಬದಲು ಇಟ್ಟುಕೊಂಡ ಅತಿ ಸಣ್ಣ ಸಂಖ್ಯೆಯ ಗುರುತು ಅದು. ಅದನ್ನು ಬಿಟ್ಟು ನೋಡಿದರೆ ನಾಲ್ಕೂ ಕಂಬಸಾಲು ಒಂದೇ ದಿಕ್ಕು, ಚಿಹ್ನೆ ಮಾತ್ರ ಆಚೀಚೆ. ನಿಮಗೆ ಸಿಕ್ಕಿದ್ದು ನಾಲ್ಕು ಸಲ ಬರೆದ ಒಂದೇ ಉತ್ತರ.

ಇನ್ನು ಬಿಂದುಗಳ ಮ್ಯಾಟ್ರಿಕ್ಸ್. ನೀವು ಮಾಡಿದ್ದು ಒಳ್ಳೆಯ ಪ್ರಯೋಗ, ಸುಮ್ನೆ ಹೇಳುತ್ತಿಲ್ಲ. ಮೂರು ಡಿಗ್ರಿಯ ಬಹುಪದೋಕ್ತಿಯನ್ನು ನಾಲ್ಕು ಬಿಂದುಗಳ ಬೆಲೆ ಪೂರ್ತಿ ನಿರ್ಧರಿಸುತ್ತದೆ. ಆದ್ದರಿಂದ ಬೆಲೆಗಳನ್ನೇ ನಿರ್ದೇಶಾಂಕ ಮಾಡಿಕೊಳ್ಳುವುದು ಇನ್ನೊಂದು ಬೇಸಿಸ್, ಅಷ್ಟೇ. ಮೊದಲ ಅಡ್ಡಸಾಲು ನಿಮಗೆ −11/6, 3, −3/2, 1/3 ಅಂತ ಬಂದಿರಬೇಕು. ಅದರ ಅರ್ಥ p′(0)ನ್ನು ಆ ನಾಲ್ಕು ಬೆಲೆಗಳಿಂದ ಹೀಗೆ ಕಟ್ಟಬಹುದು ಅಂತ. x²ಗೆ ಪರೀಕ್ಷಿಸಿ: ಬೆಲೆಗಳು 0, 1, 4, 9. ಲೆಕ್ಕ 3 − 6 + 3 = 0. x²ನ ಡೆರಿವೇಟಿವ್ x = 0 ಯಲ್ಲಿ ಸೊನ್ನೆಯೇ. ಸ್ಥಿರಾಂಕ 1 ಇಲ್ಲಿ (1, 1, 1, 1) ಆಗಿ ಕಾಣುತ್ತದೆ. ಗಾಬರಿ ಬೇಡ, ಅದೇ ಫಂಕ್ಷನ್, ವೇಷ ಬೇರೆ. ಆ ಅಡ್ಡಸಾಲಿನ ಮೊತ್ತವೂ ಸೊನ್ನೆ, ನೋಡಿ.

ಬೇಸಿಸ್ ಬದಲಾದರೆ ಐಗೆನ್ ಮೌಲ್ಯ ಬದಲಾಗಬಾರದು. ಕಾಗದದ ಮೇಲೆ ಬದಲಾಗುವುದೂ ಇಲ್ಲ. ಆದರೆ 1/3, 11/6 ಇವು ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಪೂರ್ತಿ ಕೂರುವುದಿಲ್ಲ, ಹದಿನಾರನೇ ಅಂಕಿಯ ಹತ್ತಿರ ಕತ್ತರಿ ಬೀಳುತ್ತದೆ. ಒಳಗಿನ ಭಾಗಾಕಾರ, ವರ್ಗಮೂಲಗಳಲ್ಲೂ ಅಷ್ಟಷ್ಟೇ ಕತ್ತರಿ. ಮೊದಲಿನ ಮ್ಯಾಟ್ರಿಕ್ಸ್ ಮೇಲ್ತ್ರಿಕೋನದ್ದು, ಅದರಲ್ಲಿದ್ದದ್ದು ಪೂರ್ಣಾಂಕಗಳು ಮಾತ್ರ. ಅದಕ್ಕೆ ಅಲ್ಲಿ ನಿಮಗೆ ಚೊಕ್ಕ ಸೊನ್ನೆ ಸಿಕ್ಕಿತು.

ಹದಿನಾರನೇ ಅಂಕಿಯ ತಪ್ಪು ನಾಲ್ಕನೇ ಅಂಕಿಗೆ ಹೇಗೆ ಬಂತು? ಇದೇ ನಿಮ್ಮ ಪ್ರಶ್ನೆಯ ಜೀವಾಳ. ಮೊದಲಿನ ಸರಳ ಮ್ಯಾಟ್ರಿಕ್ಸಿಗೇ ವಾಪಸ್ ಬಂದು ಎಡಗಡೆಯ ಕೆಳ ಮೂಲೆಯಲ್ಲಿ ಒಂದು ಚಿಟಿಕೆ ತಪ್ಪು ಹಾಕೋಣ, ಅದಕ್ಕೆ ε ಅನ್ನೋಣ:

```
0 1 0 0
0 0 2 0
0 0 0 3
ε 0 0 0
```

ಇದರ ಕ್ಯಾರೆಕ್ಟರಿಸ್ಟಿಕ್ ಸಮೀಕರಣ λ⁴ = 6ε. ಇಲ್ಲಿರುವ 6 ಅಂದರೆ 1×2×3. ε = 10⁻¹⁶ ಹಾಕಿ. ನಾಲ್ಕನೇ ಮೂಲ ತೆಗೆದರೆ λದ ಗಾತ್ರ ಸುಮಾರು 0.000157. ನಾಲ್ಕು ಮೂಲಗಳು: ಒಂದು ಪ್ಲಸ್, ಒಂದು ಮೈನಸ್, ಎರಡು i ಜೊತೆ. ಸೊನ್ನೆಯ ಸುತ್ತ ಪುಟ್ಟ ಚೌಕದ ನಾಲ್ಕು ಮೂಲೆಗಳ ಹಾಗೆ. ನಿಮಗೆ ಕಂಡದ್ದು ಇಂಥದ್ದೇ. ನಿಮ್ಮ ಮ್ಯಾಟ್ರಿಕ್ಸಿನಲ್ಲಿ ತಪ್ಪು ಒಂದೇ ಮೂಲೆಯಲ್ಲಿಲ್ಲ, ಎಲ್ಲ ಕಡೆ ಹರಡಿದೆ. ಆದ್ದರಿಂದ ನಿಖರ ಅಂಕಿಗಳು ಬೇರೆ ಇರುತ್ತವೆ, ಯಂತ್ರದಿಂದ ಯಂತ್ರಕ್ಕೂ ಬದಲಾಗುತ್ತವೆ. ಗಾತ್ರ ಮಾತ್ರ ಇದೇ ಮಟ್ಟದ್ದು.

ಈಗ ಈ ತಪ್ಪಿರುವ ಮ್ಯಾಟ್ರಿಕ್ಸಿನ ಐಗೆನ್ ವೆಕ್ಟರ್ ಯಾವುದು ಅಂತ ಲೆಕ್ಕ ಹಾಕಿ. b = λa, 2c = λb, 3d = λc ಮೊದಲಿನ ಹಾಗೆಯೇ, ಕೊನೆಯದು ಮಾತ್ರ εa = λd. a = 1 ಇಟ್ಟರೆ b = λ, c = λ²/2, d = λ³/6. ಇದು ಕತ್ತರಿಸಿದ e^(λx) ಅಲ್ವಾ! ಕೊನೆಯ ಸಾಲು ಕೇಳುವುದು ε = λ⁴/6. ಆಗಲೇ ಹೆಚ್ಚಿಗೆ ಉಳಿದಿತ್ತಲ್ಲ, ಅದೇ λ⁴x³/6ರ ಸಹಗುಣಕ. ಅಂದರೆ ನಾವು ಕತ್ತರಿಸಿ ಎಸೆದ ಚೂರು ಎಷ್ಟಿತ್ತೋ ಅಷ್ಟೇ ತಪ್ಪು ಯಂತ್ರದಲ್ಲಿ ನುಸುಳಿದರೆ, ಹೊರಗೆ ನಿಲ್ಲಿಸಿದ್ದ e^(λx) ನಮ್ಮ ಸ್ಪೇಸ್‌ನೊಳಗೆ ಐಗೆನ್ ಫಂಕ್ಷನ್ ಆಗಿ ಬಂದು ಕೂರುತ್ತದೆ. ಮೊದಲ ಸಲ ಇದನ್ನು ಬೋರ್ಡ್ ಮೇಲೆ ಬರೆದಾಗ ನಾನೇ ಚಾಕ್‌ಪೀಸ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಹಾಗಾದರೆ ಲೆಕ್ಕ ಮಾಡುವಾಗ ಏನು ಮಾಡಬೇಕು? ಒಂದು ದಾರಿ ಭಿನ್ನರಾಶಿಗಳನ್ನು ಕತ್ತರಿಸದೆ ಲೆಕ್ಕ ಮಾಡುವುದು. ಸಿಂಪೈ ಅದನ್ನು ಮಾಡುತ್ತದೆ:

```python
from sympy import Matrix
D = Matrix([[0,1,0,0],[0,0,2,0],
            [0,0,0,3],[0,0,0,0]])
print(D.eigenvects())
```

ಉತ್ತರದಲ್ಲಿ 0, 4 ಮತ್ತು ಒಂದೇ ಒಂದು ವೆಕ್ಟರ್ ಬರುತ್ತದೆ. ಮೌಲ್ಯ ಸೊನ್ನೆ, ಅದು ನಾಲ್ಕು ಸಲ ಮೂಲ, ದಿಕ್ಕು ಒಂದು. ನಿಮ್ಮ ಇಡೀ ಗೊಂದಲಕ್ಕೆ ಒಂದೇ ಸಾಲಿನಲ್ಲಿ ಉತ್ತರ. ಎಚ್ಚರ ವಹಿಸಬೇಕಾದ್ದು ಒಂದೇ: ಬಿಂದುಗಳ ಮ್ಯಾಟ್ರಿಕ್ಸ್ ಕೊಡುವಾಗ `1/3` ಅಂತ ಬರೆದರೆ ಪೈಥಾನ್ ಅದನ್ನು ಮೊದಲೇ ದಶಮಾಂಶ ಮಾಡಿಬಿಡುತ್ತದೆ, ಮತ್ತೆ ಅದೇ ಕಥೆ. `Rational(1,3)` ಅಂತ ಕೊಡಿ, `Rational` ಅನ್ನೂ ಇಂಪೋರ್ಟ್ ಮಾಡಿಕೊಳ್ಳಿ. ಮ್ಯಾಟ್ರಿಕ್ಸ್ ದೊಡ್ಡದಾದರೆ ಈ ದಾರಿ ನಿಧಾನ, ಆದರೆ ಸಣ್ಣ ಡಿಗ್ರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ದಶಮಾಂಶದಲ್ಲೇ ಇರಬೇಕಾದರೆ ಐಗೆನ್ ಮೌಲ್ಯ ಕೇಳುವ ಮೊದಲು ಮ್ಯಾಟ್ರಿಕ್ಸನ್ನು ನಾಲ್ಕು ಸಲ ಗುಣಿಸಿ ನೋಡಿ, `np.linalg.matrix_power(M, 4)`. ಮೂರು ಡಿಗ್ರಿಯ ಬಹುಪದೋಕ್ತಿಯನ್ನು ನಾಲ್ಕು ಸಲ ಡಿಫರೆನ್ಷಿಯೇಟ್ ಮಾಡಿದರೆ ಏನೂ ಉಳಿಯಬಾರದು. ಎಲ್ಲ ಜಾಗದಲ್ಲೂ 10⁻¹⁵ರಂಥ ಧೂಳು ಮಾತ್ರ ಕಂಡರೆ ಅದು ಐಗೆನ್ ಮೌಲ್ಯ ಎಲ್ಲವೂ ಸೊನ್ನೆ ಅನ್ನುವುದಕ್ಕೆ ಸರಿಹೊಂದುತ್ತದೆ, ಯಾಕೆಂದರೆ Dv = λv ಆದರೆ D⁴v = λ⁴v. ಇಲ್ಲಿ ತಪ್ಪು ಹದಿನೈದನೇ ಅಂಕಿಯಲ್ಲೇ ನಿಲ್ಲುತ್ತದೆ, ಮೂಲ ತೆಗೆಯುವ ಕೆಲಸ ಇಲ್ಲದ್ದರಿಂದ ಉಬ್ಬುವುದಿಲ್ಲ. ಆದರೆ λ 0.0001ರಷ್ಟಿದ್ದರೂ λ⁴ ಧೂಳಿನಷ್ಟೇ ಆಗುತ್ತದೆ, ಹಾಗಾಗಿ ಇದೊಂದನ್ನೇ ಪೂರ್ತಿ ಸಾಕ್ಷಿ ಅನ್ನಬೇಡಿ. ದಿಕ್ಕು ಎಷ್ಟು ಅಂತ ತಿಳಿಯಲು `np.linalg.matrix_rank(M)` ಕೇಳಿ. 3 ಬರುತ್ತದೆ. 4ರಲ್ಲಿ 3 ಹೋದರೆ ಉಳಿಯುವುದು 1, ಸೊನ್ನೆಗೆ ಸೇರಿದ ದಿಕ್ಕು ಅಷ್ಟೇ. ಆದರೆ ಎಷ್ಟು ಚಿಕ್ಕದನ್ನು ಸೊನ್ನೆ ಅನ್ನಬೇಕು ಅನ್ನುವ ತೀರ್ಮಾನ ರ‍್ಯಾಂಕ್‌ನೊಳಗೆ ಅಡಗಿದೆ. ಡಿಗ್ರಿ ಜಾಸ್ತಿಯಾದ ಹಾಗೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ.

ಪರದೆಯ ಮೇಲಿನ ಸಣ್ಣ ಸಂಖ್ಯೆ ನಿಜವಾದ ಐಗೆನ್ ಮೌಲ್ಯವಾ, ಕತ್ತರಿಯ ಫಲವಾ ಅಂತ ತಿಳಿಯಲು ಇನ್ನೊಂದು ಉಪಾಯ ಇದೆ. ಮ್ಯಾಟ್ರಿಕ್ಸಿನ ಎಲ್ಲ ಜಾಗಕ್ಕೂ ಬೇಕೆಂದೇ 10⁻¹²ರಷ್ಟು ಗದ್ದಲ ಸೇರಿಸಿ ಮತ್ತೆ ಲೆಕ್ಕ ಮಾಡಿ. ತಪ್ಪು ಹತ್ತು ಸಾವಿರ ಪಟ್ಟು ಹೆಚ್ಚಿತು, ಅದರ ನಾಲ್ಕನೇ ಮೂಲ ಹತ್ತು. ನಿಮ್ಮ 0.0001ಗಳು 0.001ರ ಮಟ್ಟಕ್ಕೆ ಜಿಗಿಯುತ್ತವೆ. ಬೇರೆ ಮೂಲಗಳಿಂದ ದೂರದಲ್ಲಿ ಒಂಟಿಯಾಗಿ ನಿಂತ ನಿಜವಾದ ಐಗೆನ್ ಮೌಲ್ಯ ಸಾಮಾನ್ಯವಾಗಿ ಇಷ್ಟು ಗದ್ದಲಕ್ಕೆ ಹನ್ನೊಂದು-ಹನ್ನೆರಡನೇ ಅಂಕಿಯಲ್ಲಷ್ಟೇ ಅಲುಗಾಡುತ್ತದೆ.

ಕೊನೆಯದಾಗಿ ನಿಮ್ಮ x³ ಬಗ್ಗೆ. ಅದು ಐಗೆನ್ ಫಂಕ್ಷನ್ ಆಗಿ ಬರುವ ಆಪರೇಟರ್ ಕೂಡ ಪಕ್ಕದಲ್ಲೇ ಇದೆ: ಡಿಫರೆನ್ಷಿಯೇಟ್ ಮಾಡಿ ಆಮೇಲೆ xನಿಂದ ಗುಣಿಸುವುದು, x·d/dx. ಅದು x³ನ್ನು 3x³ ಮಾಡುತ್ತದೆ, x²ನ್ನು 2x². ಇಳಿದ ಡಿಗ್ರಿಯನ್ನು x ಮತ್ತೆ ಏರಿಸುತ್ತದೆ. ಅದರ ಮ್ಯಾಟ್ರಿಕ್ಸ್ ಡಯಾಗನಲ್, 0, 1, 2, 3. ಐಗೆನ್ ಮೌಲ್ಯ ನಾಲ್ಕು, ಐಗೆನ್ ಫಂಕ್ಷನ್ನೂ ನಾಲ್ಕು. ನಿಮ್ಮ ಅಸೈನ್‌ಮೆಂಟಿನ ಮುಂದಿನ ಲೆಕ್ಕ ಅದೇ ಆಗಿದ್ದರೂ ಆಶ್ಚರ್ಯವಿಲ್ಲ. ಆಪರೇಟರ್‌ನಲ್ಲಿ x ಗುಣಕವಾಗಿ ಇದೆಯಾ ಇಲ್ಲವಾ ಅಂತ ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಆಮೇಲೆ ಪೆನ್ನು ಹಿಡಿಯಿರಿ.